ಎಕ್ಸ್‌ಪೈರಿ ಹತ್ತಿರವಾದಂತೆ ಗಾಮಾ ಅಳೆಯುವುದು ಹೇಗೆ?

ಹಂಪನಕಟ್ಟೆಯ ಬ್ರೋಕರ್ ಕಚೇರಿಯಿರಲಿ, ಮಣಿಪಾಲದ ಬಾಡಿಗೆ ಕೋಣೆಯಿರಲಿ, ಮಂಗಳವಾರ ನಿಫ್ಟಿ ಆಪ್ಷನ್ ಮಾರಲು ಕೂರುವವರ ಲೆಕ್ಕ ಹೆಚ್ಚಾಗಿ ಒಂದೇ: ಇವತ್ತೇ ಎಕ್ಸ್‌ಪೈರಿ, ಪ್ರೀಮಿಯಂ ಗಂಟೆಗಂಟೆಗೂ ಕರಗುತ್ತದೆ, ಉಳಿದಿರುವುದು ಸ್ವಲ್ಪವೇ ಆದ್ದರಿಂದ ಅಪಾಯವೂ ಸ್ವಲ್ಪವೇ. ಕೊನೆಯ ಮಾತು ತಪ್ಪು. ಸ್ಟ್ರೈಕ್ ಮಾರುಕಟ್ಟೆಯ ಮಟ್ಟದಲ್ಲೇ ಇದ್ದರೆ, ಅಂದರೆ ಅಟ್ ದಿ ಮನಿ ಆಗಿದ್ದರೆ, ಪ್ರೀಮಿಯಂ ಇಳಿದಷ್ಟೂ ಗಾಮಾ ಏರುತ್ತದೆ. ಎಷ್ಟು ಏರಿದೆ ಎಂಬುದನ್ನು ಆ ಪ್ರೀಮಿಯಂನಿಂದಲೇ ಅಳೆಯಬಹುದು.

ನಿಫ್ಟಿ ಒಂದು ಪಾಯಿಂಟ್ ಸರಿದಾಗ ಆಪ್ಷನ್ ಬೆಲೆ ಎಷ್ಟು ಬದಲಾಗುತ್ತದೆ ಎಂಬುದು ಡೆಲ್ಟಾ. ಆ ಡೆಲ್ಟಾವೇ ಎಷ್ಟು ಬದಲಾಗುತ್ತದೆ ಎಂಬುದು ಗಾಮಾ. ಉಳಿದ ಸಮಯ ಹೆಚ್ಚಿದ್ದಾಗ 50 ಪಾಯಿಂಟ್ ಏರಿಕೆ ದೊಡ್ಡ ಸುದ್ದಿಯಲ್ಲ, ನಿಫ್ಟಿ ಮತ್ತೆ ಇಳಿಯಲು ದಿನಗಳಿವೆ. ಸಮಯ ತೀರುತ್ತಾ ಬಂದಾಗ ಅದೇ 50 ಪಾಯಿಂಟ್ ಕಾಲ್ ಗೆಲ್ಲುತ್ತದೋ ಸೋಲುತ್ತದೋ ಎಂಬುದನ್ನೇ ತೀರ್ಮಾನಿಸಿಬಿಡುತ್ತದೆ. ಆಳದ ಕಡಲಲ್ಲಿ ದೋಣಿಯನ್ನು ತೂಗಿ ಬಿಡುವ ಅಲೆಯೇ ಅಳಿವೆಯ ಆಳವಿಲ್ಲದ ನೀರಲ್ಲಿ ಮುರಿದು ಅದನ್ನು ಮಗುಚಿ ಹಾಕುವಂತೆ.

ಮೊದಲು ಸ್ಟ್ರಾಡಲ್ ಬೆಲೆ ನೋಡಿ

ಅಟ್ ದಿ ಮನಿ ಕಾಲ್ ಮತ್ತು ಪುಟ್ ಬೆಲೆಗಳನ್ನು ಕೂಡಿಸಿ. ಅದೇ ಸ್ಟ್ರಾಡಲ್ ಬೆಲೆ. 0.64 ಅನ್ನು ಅದರಿಂದ ಭಾಗಿಸಿದರೆ ಸ್ಟ್ರಾಡಲ್‌ನ ಒಟ್ಟು ಗಾಮಾ ಸಿಗುತ್ತದೆ. ಸ್ಟ್ರಾಡಲ್ 150 ರೂಪಾಯಿ ಇದ್ದರೆ ಗಾಮಾ ಸುಮಾರು 0.0043, 60 ಇದ್ದರೆ 0.0107. ಇದನ್ನು ಲಾಟ್‌ನಿಂದ ಗುಣಿಸಿ, ನಿಫ್ಟಿ ಸರಿದ ಪಾಯಿಂಟ್‌ಗಳಿಂದಲೂ ಗುಣಿಸಿದರೆ ನಿಮ್ಮ ಮೇಲೆ ಬಿದ್ದ ಡೆಲ್ಟಾ ಎಷ್ಟೆಂದು ತಿಳಿಯುತ್ತದೆ. ಆ ಡೆಲ್ಟಾವನ್ನು ಮತ್ತೆ ಪಾಯಿಂಟ್‌ಗಳಿಂದ ಗುಣಿಸಿ ಅರ್ಧ ಮಾಡಿದರೆ ನಷ್ಟ ಸಿಗುತ್ತದೆ. ನಿಫ್ಟಿ ಸ್ಟ್ರಾಡಲ್ ಬೆಲೆಗಿಂತ ದೂರ ಸರಿದಾಗ ಈ ಅಂದಾಜು ನಡೆಯುವುದಿಲ್ಲ, ಅದರೊಳಗೆ ಸಾಕಷ್ಟು ಸರಿಯಾಗಿರುತ್ತದೆ.

ಸ್ಕ್ರೀನ್ ಮೇಲೆ ಗ್ರೀಕ್ಸ್ ಕಾಲಂ ಇರುವಾಗ ಈ ಲೆಕ್ಕ ಯಾಕೆ ಎನ್ನಬಹುದು. ಕೆಲವು ಸಾಫ್ಟ್‌ವೇರ್‌ಗಳು ಉಳಿದ ಸಮಯವನ್ನು ದಿನಗಳಲ್ಲಿ ಎಣಿಸುತ್ತವೆ, ಗಂಟೆಗಳಲ್ಲಿ ಅಲ್ಲ. ಎಕ್ಸ್‌ಪೈರಿ ದಿನ ಬೆಳಗ್ಗೆಯೂ ಮಧ್ಯಾಹ್ನವೂ ಒಂದೇ ಸಮಯ ಉಳಿದಿದೆ ಎಂದು ಅವು ತಿಳಿದರೆ, ತೋರಿಸುವ ಗಾಮಾ ನಿಜವಾದದ್ದಕ್ಕಿಂತ ತೀರಾ ಕಡಿಮೆ ಇರಬಹುದು. ಸ್ಟ್ರಾಡಲ್ ಬೆಲೆಯಲ್ಲಿ ಉಳಿದ ಸಮಯವೂ ಏರಿಳಿತದ ನಿರೀಕ್ಷೆಯೂ ಆಗಲೇ ಸೇರಿಕೊಂಡಿರುತ್ತವೆ.

ಒಂದು ಲಾಟ್‌ನ ಲೆಕ್ಕ

ನಿಫ್ಟಿ 25,000ದಲ್ಲಿದೆ, ವೊಲಾಟಿಲಿಟಿ 12 ಶೇಕಡಾ, ಲಾಟ್ 65 ಎಂದಿಟ್ಟುಕೊಳ್ಳಿ. ಲಾಟ್ ಗಾತ್ರವನ್ನು ಎಕ್ಸ್‌ಚೇಂಜ್ ಆಗಾಗ ಬದಲಿಸುವುದರಿಂದ ನಿಮ್ಮ ಕಾಂಟ್ರಾಕ್ಟ್‌ನದನ್ನು ಹಾಕಿಕೊಳ್ಳಿ. 25,000ದ ಸ್ಟ್ರಾಡಲ್ ಒಂದು ಲಾಟ್ ಮಾರಿದ್ದೀರಿ, ನಿಫ್ಟಿ ಒಮ್ಮೆಲೇ 50 ಪಾಯಿಂಟ್ ಏರುತ್ತದೆ.

ಐದು ವಹಿವಾಟು ದಿನ ಬಾಕಿ ಇದ್ದಾಗ ಸ್ಟ್ರಾಡಲ್ ಸುಮಾರು 337 ರೂಪಾಯಿ. 50 ಪಾಯಿಂಟ್ ಏರಿಕೆಗೆ ನಷ್ಟ ಸುಮಾರು 150 ರೂಪಾಯಿ, ನಿಮ್ಮ ಸ್ಥಿತಿ 6 ಯೂನಿಟ್ ನಿಫ್ಟಿ ಶಾರ್ಟ್ ಮಾಡಿದವರಂತೆ. ಸೋಮವಾರ ಮಾರುಕಟ್ಟೆ ಮುಚ್ಚುವಾಗ ಸ್ಟ್ರಾಡಲ್ 150ಕ್ಕೆ ಇಳಿದಿರುತ್ತದೆ. ಆಗ ಅದೇ ಏರಿಕೆಗೆ ನಷ್ಟ 340, ಶಾರ್ಟ್ 14 ಯೂನಿಟ್. ಮಂಗಳವಾರ ಮಧ್ಯಾಹ್ನ 2.10ಕ್ಕೆ ಸ್ಟ್ರಾಡಲ್ 60, ನಷ್ಟ 830, ಶಾರ್ಟ್ 32 ಯೂನಿಟ್. 2.55ಕ್ಕೆ ಸ್ಟ್ರಾಡಲ್ 30, ನಷ್ಟ 1,500, ಶಾರ್ಟ್ 53 ಯೂನಿಟ್. ಅಷ್ಟು ಹೊತ್ತಿಗೆ ಅದು ಹೆಚ್ಚುಕಡಿಮೆ ಒಂದು ಪೂರ್ತಿ ಫ್ಯೂಚರ್ ಲಾಟ್ ಮಾರಿದಂತೆಯೇ.

2.10ರಿಂದ 2.55ರ ನಡುವೆ ಸ್ಟ್ರಾಡಲ್ 60ರಿಂದ 30ಕ್ಕೆ ಇಳಿಯುವುದು ಮಾರಿದವರಿಗೆ ಲಾಟ್‌ಗೆ 1,950 ರೂಪಾಯಿ ಲಾಭ. ಮುಕ್ಕಾಲು ಗಂಟೆಗೆ ಇಷ್ಟು ಸಿಗುತ್ತದೆ ಎಂಬುದೇ ಆಕರ್ಷಣೆ. ಆದರೆ ಆ ಹೊತ್ತಿನಲ್ಲಿ ನಿಫ್ಟಿ ಯಾವ ಕಡೆಗಾದರೂ ಸುಮಾರು 58 ಪಾಯಿಂಟ್ ಸರಿದರೆ ಆ ಲಾಭವೆಲ್ಲ ಹೋಗುತ್ತದೆ. 58 ಪಾಯಿಂಟ್ ಎಂದರೆ ಕಾಲು ಶೇಕಡಾದಷ್ಟೂ ಅಲ್ಲ.

ಸ್ಟಾಪ್ ಲಾಸ್ ಪಾಯಿಂಟ್‌ನಲ್ಲಿ ಇಡಿ

ಹಲವರು ಪ್ರತಿ ಲೆಗ್‌ಗೆ ಪ್ರೀಮಿಯಂನ 25 ಶೇಕಡಾ ಸ್ಟಾಪ್ ಇಡುತ್ತಾರೆ. ಸೋಮವಾರ ಸಂಜೆ ಕಾಲ್ 75 ರೂಪಾಯಿ ಇದ್ದಾಗ ಆ ಸ್ಟಾಪ್ ತಾಗಲು ನಿಫ್ಟಿ ಸುಮಾರು 35 ಪಾಯಿಂಟ್ ಏರಬೇಕು. ಮಂಗಳವಾರ 2.10ಕ್ಕೆ ಕಾಲ್ 30 ರೂಪಾಯಿ ಇದ್ದಾಗ 14 ಪಾಯಿಂಟ್ ಸಾಕು. ನಿಫ್ಟಿ ದಿಕ್ಕಿಲ್ಲದೆ ಆಡುತ್ತಿರುವಾಗಲೂ 14 ಪಾಯಿಂಟ್ ಸಾಮಾನ್ಯ. ಕಾಲ್ ಸ್ಟಾಪ್ ತಾಗಿ ಹೋಗುತ್ತದೆ, ನಿಫ್ಟಿ ತಿರುಗಿ ಇಳಿಯುತ್ತದೆ, ಪುಟ್ ಕೂಡ ಹೋಗುತ್ತದೆ. ದಿನದ ಕೊನೆಗೆ ನಿಫ್ಟಿ 25,000ದಲ್ಲೇ ನಿಂತಿದ್ದರೂ ನಷ್ಟ ಎರಡು ಕಡೆಯದು. ಆದ್ದರಿಂದ ಎಷ್ಟು ಪಾಯಿಂಟ್ ಸರಿದರೆ ಹೊರಬರಬೇಕು ಎಂದು ಮೊದಲೇ ನಿರ್ಧರಿಸಿ, ಆ ಸ್ಥಳದಲ್ಲಿ ನಷ್ಟ ಎಷ್ಟೆಂದು ಲೆಕ್ಕ ಹಾಕಿ, ಅದು ತಡೆಯುವಂಥದ್ದಾದರೆ ಮಾತ್ರ ಮಾರಿ. ಎನ್‌ಎಸ್‌ಇ ಆಪ್ಷನ್‌ಗಳಲ್ಲಿ ಸ್ಟಾಪ್ ಲಾಸ್ ಮಾರ್ಕೆಟ್ ಆರ್ಡರ್ ಇಲ್ಲ, ಲಿಮಿಟ್ ಮಾತ್ರ ಇದೆ. ಬೆಲೆ ನಿಮ್ಮ ಲಿಮಿಟ್ ದಾಟಿ ಹಾರಿದರೆ ಆರ್ಡರ್ ಅಲ್ಲೇ ಉಳಿಯುತ್ತದೆ. ಟ್ರಿಗರ್‌ಗೂ ಲಿಮಿಟ್‌ಗೂ ನಡುವೆ ಸಾಕಷ್ಟು ಅಂತರ ಬಿಡಿ.

ತಡೆ ಹಾಕುವುದಾದರೆ

ಫ್ಯೂಚರ್ ಕೊಂಡು ಡೆಲ್ಟಾ ಸರಿದೂಗಿಸುವ ದಾರಿ ಒಂದು ಲಾಟ್‌ನವರಿಗೆ ಇಲ್ಲ. 32 ಯೂನಿಟ್ ಬೇಕಾದಲ್ಲಿ ಸಿಗುವುದು 65 ಯೂನಿಟ್‌ನ ಒಂದು ಲಾಟ್. ದೊಡ್ಡ ಪೊಸಿಷನ್ ಇದ್ದವರಿಗೂ ಏರಿದಾಗ ಕೊಳ್ಳುವುದು, ಇಳಿದಾಗ ಮಾರುವುದು ಎಂದರೆ ಪ್ರತಿ ಸುತ್ತಿಗೂ ಖರ್ಚು. ಮುಂದಿನ ವಾರದ ಆಪ್ಷನ್ ಕೊಂಡು ಸಮತೋಲನ ಮಾಡುವುದೂ ಆಗದ ಮಾತು. ಅದರ ಗಾಮಾ ಅಷ್ಟು ಕಡಿಮೆಯಾದ್ದರಿಂದ ಮಂಗಳವಾರ 2.10ಕ್ಕೆ ಮಾರಿದ ಒಂದು ಲಾಟ್‌ಗೆ ಹತ್ತಿರ ಹತ್ತಿರ ಆರು ಲಾಟ್ ಬೇಕು. ಎಕ್ಸ್‌ಪೈರಿ ದಿನ ಕ್ಯಾಲೆಂಡರ್ ಸ್ಪ್ರೆಡ್‌ಗೆ ಮಾರ್ಜಿನ್ ರಿಯಾಯಿತಿಯನ್ನೂ ಸೆಬಿ 2025ರ ಫೆಬ್ರವರಿಯಿಂದ ತೆಗೆದುಹಾಕಿದೆ.

ಉಳಿಯುವುದು ಅದೇ ಎಕ್ಸ್‌ಪೈರಿಯ ದೂರದ ಸ್ಟ್ರೈಕ್‌ಗಳನ್ನು, ಅಂದರೆ ರೆಕ್ಕೆಗಳನ್ನು, ಕೊಳ್ಳುವುದು. ಸೋಮವಾರ ಸಂಜೆ 150ಕ್ಕೆ ಸ್ಟ್ರಾಡಲ್ ಮಾರಿ, 25,150ರ ಕಾಲ್ ಮತ್ತು 24,850ರ ಪುಟ್ ಕೊಂಡರೆ ಎರಡಕ್ಕೂ ಸೇರಿ ಸುಮಾರು 46 ರೂಪಾಯಿ ಬೇಕು. ಪುಟ್ ಕೆಲವೊಮ್ಮೆ ಇನ್ನಷ್ಟು ದುಬಾರಿ. ಕೈಗೆ ಬರುವುದು 104. ಎಷ್ಟೇ ಓಡಿದರೂ ಗರಿಷ್ಠ ನಷ್ಟ 46 ಗುಣಿಸು 65, ಅಂದರೆ 2,990 ರೂಪಾಯಿ ಮತ್ತು ಖರ್ಚು. ನಡುವಿನ ಗಾಮಾ ಇದರಿಂದ ಸೋಮವಾರ ತಗ್ಗಿದರೂ ಎಕ್ಸ್‌ಪೈರಿಯ ಕೊನೆಯ ಗಂಟೆಗಳಲ್ಲಿ ತಗ್ಗುವುದಿಲ್ಲ ಎಂಬುದು ನೆನಪಿರಲಿ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಕೊಂಡ ಸ್ಟ್ರೈಕ್‌ಗಳ ಬೆಲೆ ಬಹುತೇಕ ಸೊನ್ನೆಯಾಗಿ, 25,000ದ ಆಸುಪಾಸಿನ ಏರಿಳಿತ ಪೂರ್ತಿ ನಿಮಗೇ ತಾಗುತ್ತದೆ. ರೆಕ್ಕೆಗಳು ನಷ್ಟಕ್ಕೆ ಮಿತಿ ಹಾಕುತ್ತವೆ, ಅಷ್ಟೇ.

ಮೂರು ಗಂಟೆಯ ನಂತರ ಬೇರೆ ಲೆಕ್ಕ

ನಿಫ್ಟಿ ಆಪ್ಷನ್ ಇತ್ಯರ್ಥವಾಗುವುದು 3.30ರ ಕ್ಷಣದ ಬೆಲೆಗೆ ಅಲ್ಲ, ಕೊನೆಯ ಅರ್ಧ ಗಂಟೆಯ ತೂಕದ ಸರಾಸರಿಗೆ. ಈ ಪದ್ಧತಿ ಇರುವವರೆಗೆ ಗಾಮಾ ಮೂರು ಗಂಟೆಯ ಹೊತ್ತಿಗೆ ಅತಿ ಹೆಚ್ಚಿರುತ್ತದೆ. ಆಮೇಲೆ ಪ್ರತಿ ನಿಮಿಷವೂ ಸರಾಸರಿಯ ಒಂದೊಂದು ಪಾಲು ಗಟ್ಟಿಯಾಗುತ್ತಾ ಹೋಗುವುದರಿಂದ ಹೊಸ ಏರಿಳಿತದ ಬಲ ತಗ್ಗುತ್ತದೆ. 3.15ಕ್ಕೆ ನಿಫ್ಟಿ 40 ಪಾಯಿಂಟ್ ಹಾರಿ ಅಲ್ಲೇ ನಿಂತರೆ ಇತ್ಯರ್ಥದ ಬೆಲೆ ಸುಮಾರು 20 ಪಾಯಿಂಟ್ ಮಾತ್ರ ಸರಿಯುತ್ತದೆ. ಸ್ಕ್ರೀನ್‌ನ ನಿಫ್ಟಿ ನೋಡಿ ಗಾಬರಿಯಿಂದ ದುಬಾರಿಗೆ ಕೊಂಡು ಹೊರಬರುವವರೂ, ಸ್ಟ್ರೈಕ್‌ಗೆ ಮರಳಿತು ಎಂದು ನಿಶ್ಚಿಂತರಾಗುವವರೂ ಇಲ್ಲೇ ತಪ್ಪುತ್ತಾರೆ. 3.00ರಿಂದ ಎರಡೆರಡು ನಿಮಿಷಕ್ಕೆ ನಿಫ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಸರಾಸರಿ ತೆಗೆಯುತ್ತಿರಿ. 3.20ಕ್ಕೆ ಆ ಸರಾಸರಿ 25,030 ಇದ್ದರೆ, ನಿಮ್ಮ ಕಾಲ್ ಸೊನ್ನೆಯಾಗಲು ಉಳಿದ ಹತ್ತು ನಿಮಿಷ ನಿಫ್ಟಿ ಸರಾಸರಿ 24,940ರಲ್ಲಿ ಇರಬೇಕು.