ಥಾಯ್ಲೆಂಡಿನಲ್ಲಿ ಒಂದು ತಿಂಗಳು: ಎಷ್ಟು ಜಿಬಿ ಬೇಕು?

ಅನ್‌ಲಿಮಿಟೆಡ್ ಪ್ಯಾಕ್ ಕೊಳ್ಳುವ ಮೊದಲು ಲೆಕ್ಕ ಹಾಕಿ. ಮ್ಯಾಪ್, ಮೆಸೇಜುಗಳಿಗೆ ದಿನಕ್ಕೆ ಸುಮಾರು 150 ಎಂಬಿ, ಫೇಸ್‌ಬುಕ್ಕು ಇತ್ಯಾದಿಗೆ 300, ಅರ್ಧ ಗಂಟೆ ವಾಟ್ಸಾಪ್ ವಿಡಿಯೋ ಕಾಲ್‌ಗೆ 250 ಎಂದುಕೊಳ್ಳಿ. ಒಟ್ಟು 700, ಮೂವತ್ತು ದಿನಕ್ಕೆ 21 ಜಿಬಿ. ವಿಡಿಯೋ ಕಾಲನ್ನು ಹೋಟೆಲ್ ವೈಫೈಗೆ ಬಿಟ್ಟರೆ 13.5 ಜಿಬಿ, ಅಂದರೆ 15 ಜಿಬಿ ಪ್ಯಾಕ್ ಸಾಕು. ಫೋಟೋ ಬ್ಯಾಕಪ್ ಮಾತ್ರ ‘ವೈಫೈನಲ್ಲಿ ಮಾತ್ರ’ ಎಂದಿರಲಿ. ಇಲ್ಲದಿದ್ದರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಸಿಮ್‌ಗೆ ಪಾಸ್‌ಪೋರ್ಟ್ ತೋರಿಸಬೇಕು. ಮೂವತ್ತು ದಿನದ ಪ್ಯಾಕಿನ ವ್ಯಾಲಿಡಿಟಿ ಆ್ಯಕ್ಟಿವೇಟ್ ಆದ ಕ್ಷಣದಿಂದ ಓಡುತ್ತದೆ. ಮೂವತ್ತು ರಾತ್ರಿ ಅಂದರೆ ಮೂವತ್ತೊಂದು ದಿನ, ಕೊನೆಯ ದಿನ ಏರ್‌ಪೋರ್ಟಿಗೆ ಟ್ಯಾಕ್ಸಿ ಬುಕ್ ಮಾಡುವಾಗಲೇ ನೆಟ್ ಕೈಕೊಡಬಹುದು. ಆ ದಿನಕ್ಕೊಂದು ಚಿಕ್ಕ ಟಾಪ್‌ಅಪ್ ಬಜೆಟ್‌ನಲ್ಲಿಡಿ.

ನಮ್ಮ ಸಿಮ್ ತೆಗೆದಿಡಬೇಡಿ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮೊದಲೇ ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ವಾಪಸ್ ಬರುವವರೆಗೆ ಇದೆಯೇ ನೋಡಿ. ಫೋನಿನಲ್ಲಿ ಅದರ ಡೇಟಾ ರೋಮಿಂಗ್ ಆಫ್ ಇರಲಿ. ಎರಡು ಸಿಮ್ ನಡುವೆ ಡೇಟಾ ತಾನೇ ಬದಲಾಗುವ ಸೆಟ್ಟಿಂಗನ್ನೂ ಆಫ್ ಮಾಡಿ. ಊರಿನ ನಂಬರಿಗೆ ಬರುವ ಕಾಲ್ ಎತ್ತಿದರೂ ದುಡ್ಡು ಹೋಗಬಹುದು. ವಾಟ್ಸಾಪಿನಲ್ಲಿ ಮಾಡಲು ಮನೆಯವರಿಗೆ ಹೇಳಿಡಿ.