ಲಕ್ಷ್ಮಿ ರೋಡಿನಲ್ಲಿ ಪಾಟ್ಲಿ ಬುಕ್ ಮಾಡಿದ ಲೆಕ್ಕ

ಮಗಳ ಮದುವೆಗೆ 40 ಗ್ರಾಮಿನ ಒಂದು ಜೊತೆ ಪಾಟ್ಲಿ ಬಳೆ ಮಾಡಿಸಬೇಕಿತ್ತು. 2025ರ ಆಗಸ್ಟ್. ಮದುವೆ ಇದ್ದದ್ದು ತುಳಸಿ ಲಗ್ನದ ನಂತರ. ಅಷ್ಟರಲ್ಲಿ ಬಂಗಾರ ಎಲ್ಲಿಗೆ ಹೋಗುತ್ತದೋ ಅನ್ನೋ ಭಯ, ಕೈಯಲ್ಲಿ ಪೂರ್ತಿ ದುಡ್ಡೂ ಇರಲಿಲ್ಲ. ಪುಣೆಯ ಲಕ್ಷ್ಮಿ ರೋಡಿನಲ್ಲಿ ಆಗ ಕಂಡಲ್ಲೆಲ್ಲ ಒಂದೇ ಬೋರ್ಡ್: ಅಡ್ವಾನ್ಸ್ ಕೊಡಿ, ಇವತ್ತಿನ ರೇಟ್ ಲಾಕ್ ಮಾಡಿ.

ಎರಡು ಅಂಗಡಿಗೆ ಹೋದೆ. ಎರಡರಲ್ಲೂ ಆಫರ್ ಒಂದೇ ಥರ ಕಾಣಿಸಿತು. 25 ಪರ್ಸೆಂಟ್ ಅಡ್ವಾನ್ಸ್, 60 ದಿನ ಲಾಕ್. ಫಾರ್ಮ್ ಓದಿದಾಗ ಎರಡೂ ಬೇರೆ ಬೇರೆ ವ್ಯವಹಾರ ಅಂತ ಗೊತ್ತಾಯಿತು.

ಲೆಕ್ಕ ಸುಲಭವಾಗಲಿ ಅಂತ ರೇಟನ್ನು ರೌಂಡ್ ಮಾಡಿ ಹೇಳುತ್ತೇನೆ. ಆವತ್ತು 22 ಕ್ಯಾರೆಟ್ ಗ್ರಾಮಿಗೆ 9,300. 40 ಗ್ರಾಮಿಗೆ 3,72,000, ಅದರ ಕಾಲು ಭಾಗ 93,000. ಮೊದಲನೇ ಅಂಗಡಿಯಲ್ಲಿ ಈ 93,000 ಕಟ್ಟಿದರೆ 40 ಗ್ರಾಮಿಗೂ 9,300 ರೇಟೇ. ಎರಡನೇ ಅಂಗಡಿಯಲ್ಲಿ ಕೊಟ್ಟ ದುಡ್ಡಿಗೆ ಎಷ್ಟು ಬಂಗಾರ ಬರುತ್ತದೋ ಅಷ್ಟಕ್ಕೆ ಮಾತ್ರ ಲಾಕ್, ಅಂದರೆ ಬರೀ 10 ಗ್ರಾಮ್. ಉಳಿದ 30 ಗ್ರಾಮ್ ಒಯ್ಯುವ ದಿನದ ರೇಟಿಗೆ. ಗ್ರಾಮಿಗೆ 1,500 ಏರಿದರೆ ಮೊದಲನೆಯದರಲ್ಲಿ 60,000 ಉಳಿಯುತ್ತದೆ, ಎರಡನೆಯದರಲ್ಲಿ 15,000. ಬಾಯಲ್ಲಿ ಹೇಳುವಾಗ ಎರಡೂ ಕಡೆ "ರೇಟ್ ಲಾಕ್ ಆಯ್ತು ಕಾಕು" ಅಂತಲೇ ಹೇಳುತ್ತಾರೆ. ಅದಕ್ಕೆ ನಾನು ಕೇಳಿದ್ದು ಒಂದೇ: ರಸೀದಿ ಮೇಲೆ ಎಷ್ಟು ಗ್ರಾಮ್ ಅಂತ ಬರೆದು ಕೊಡ್ತೀರಾ? ಎರಡನೇ ಅಂಗಡಿಯವರು ಬರೀ ರೂಪಾಯಿ ಬರೆಯುತ್ತೇವೆ ಅಂದರು. ಅಲ್ಲಿಂದ ಎದ್ದು ಬಂದೆ.

ಮೊದಲನೇ ಅಂಗಡಿಯಲ್ಲೇ ಕೂತು ಇನ್ನೊಂದು ವಿಷಯ ನೋಡಿಕೊಂಡೆ. ರೇಟ್ ಇಳಿದರೆ ಏನು? "ಬುಕ್ ಮಾಡಿದ ರೇಟ್, ಒಯ್ಯುವ ದಿನದ ರೇಟ್, ಎರಡರಲ್ಲಿ ಯಾವುದು ಕಡಿಮೆಯೋ ಅದು" ಅನ್ನುವ ಸಾಲು ಫಾರ್ಮಿನಲ್ಲಿ ಇರಲೇಬೇಕು. ಬಂಗಾರ ಏರುತ್ತಲೇ ಇರುವಾಗ ಇದನ್ನು ಯಾರೂ ಕೇಳುವುದಿಲ್ಲ. ಆದರೆ 2024ರ ಜುಲೈ 23ರ ಬಜೆಟ್ಟಿನಲ್ಲಿ ಆಮದು ಸುಂಕ 15ರಿಂದ 6 ಪರ್ಸೆಂಟಿಗೆ ಇಳಿದಾಗ ಕೆಲವೇ ದಿನಗಳಲ್ಲಿ 10 ಗ್ರಾಮಿಗೆ ಸುಮಾರು ನಾಲ್ಕು ಸಾವಿರ ಬಿತ್ತಲ್ಲ, ಆ ಸಾಲು ಇಲ್ಲದೆ ಹಿಂದಿನ ವಾರ ಲಾಕ್ ಮಾಡಿದ್ದವರಿಗೆ ಲಾಕೇ ಹೊರೆ ಆಗುತ್ತಿತ್ತು. ನನ್ನ ಫಾರ್ಮಿನಲ್ಲಿ ಸಾಲು ಇತ್ತು.

ಇನ್ನು ಅಸಲಿ ಜಾಗ, ಮೇಕಿಂಗ್, ಅಂದರೆ ಒಡವೆ ಮಾಡುವ ಕೂಲಿ. ಇಲ್ಲಿ ಮಜೂರಿ ಅನ್ನುತ್ತಾರೆ. ನನ್ನ ಪಾಟ್ಲಿಗೆ 14 ಪರ್ಸೆಂಟ್ ಹೇಳಿದರು. ಯಾವುದರ 14 ಪರ್ಸೆಂಟ್? ಲಾಕ್ ಆಗುವುದು ಬಂಗಾರದ ಬೆಲೆ ಮಾತ್ರ. ಮಜೂರಿ ಲೆಕ್ಕ ಒಯ್ಯುವ ದಿನದ ರೇಟಿನ ಮೇಲೆ ಹಾಕುವ ಅಂಗಡಿಗಳೂ ಇವೆ. ರೇಟ್ 10,800 ಆದರೆ 40 ಗ್ರಾಮಿಗೆ ಮಜೂರಿ 60,480. ಬುಕ್ ಮಾಡಿದ ರೇಟಿನ ಮೇಲೆ ಹಾಕಿದರೆ 52,080. ವ್ಯತ್ಯಾಸ 8,400, ಅದರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ ಬೇರೆ. "ಮಜೂರಿಯೂ ಬುಕಿಂಗ್ ರೇಟಿನ ಮೇಲೆ" ಅಂತ ಪೆನ್ನಿನಲ್ಲಿ ಬರೆಸಿ, ಸೀಲ್ ಹಾಕಿಸಿಕೊಂಡೆ. ಸ್ವಲ್ಪ ಮುಖ ಸಿಂಡರಿಸಿದರು, ಆದರೂ ಬರೆದರು. ಜಿಎಸ್‌ಟಿ ಅಡ್ವಾನ್ಸ್ ಮೇಲೆ ಕಟ್ಟುವಂತಿಲ್ಲ, ಕೊನೆಯ ಬಿಲ್ಲಿಗೇ ಬರುತ್ತದೆ. ಮುಂಚೆಯೇ ಕೇಳಿದರೆ ಯಾಕೆ ಅಂತ ಕೇಳಿ.

60 ದಿನ ಅನ್ನುವುದು ಬಿಲ್ ಆಗುವ ದಿನಕ್ಕೆ, ಆರ್ಡರ್ ಕೊಟ್ಟ ದಿನಕ್ಕಲ್ಲ. ಮಾಡಿಸುವ ಒಡವೆಗೆ ಮೂರು ನಾಲ್ಕು ವಾರ ಬೇಕು, ನವರಾತ್ರಿ ಹತ್ತಿರ ಬಂದರೆ ಇನ್ನೂ ಜಾಸ್ತಿ. ಕಾರಿಗರ ತಡ ಮಾಡಿ 61ನೇ ದಿನಕ್ಕೆ ತಂದರೆ ಲಾಕ್ ಹೋಯಿತು ಅಂತಲೇ ಅರ್ಥ. ಹಾಗಾಗಿ ಬುಕ್ ಮಾಡಿದ ವಾರದಲ್ಲೇ ಡಿಸೈನ್ ಆರಿಸಿ ಆರ್ಡರ್ ಕೊಟ್ಟೆ. ಕೈಕೆಲಸದ ಒಡವೆ ಹೇಳಿದಷ್ಟೇ ತೂಕಕ್ಕೆ ಬರುವುದೂ ಇಲ್ಲ. ನನ್ನದು 40.8 ಗ್ರಾಮ್ ಬಂತು. ಹೆಚ್ಚಿನ 0.8 ಗ್ರಾಮಿಗೆ ದಿನದ ರೇಟೇ, ಅಂದರೆ 8,640 ರೂಪಾಯಿ. ಒಂದು ಗ್ರಾಮಿಗಿಂತ ಹೆಚ್ಚು ಆಚೀಚೆ ಆಗಬಾರದು ಅಂತ ಮೊದಲೇ ಮಾತಾಗಿತ್ತು, ಇಲ್ಲದಿದ್ದರೆ ಮೂರು ಗ್ರಾಮ್ ಜಾಸ್ತಿ ಬಂದರೂ ಸುಮ್ನೆ ತೆಗೆದುಕೊಳ್ಳಬೇಕಿತ್ತು.

ದಸರಾ ಹೊತ್ತಿಗೆ ರೇಟ್ 10,800 ಆಗಿತ್ತು. ಅಂಗಡಿ ಬಾಗಿಲಲ್ಲೇ ಹೊಸ ಬೋರ್ಡ್: ಮಜೂರಿಯಲ್ಲಿ 25 ಪರ್ಸೆಂಟ್ ಕಡಿತ. ನನಗೂ ಕೊಡಿ ಅಂದೆ. ಕೌಂಟರಿನ ಹುಡುಗ ನಕ್ಕ. "ಕಾಕು, ಲಾಕ್ ಮಾಡಿದವರಿಗೆ ಇದು ಇಲ್ಲ, ಆಫರ್ ಮೇಲೆ ಆಫರ್ ಹೇಗೆ ಕೊಡೋದು?" ಇದೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಡಗಿದ ಖರ್ಚು, ಯಾಕಂದರೆ ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಆ ಹೆಚ್ಚಿನ 0.8 ಗ್ರಾಮ್ ಬಿಟ್ಟು 40 ಗ್ರಾಮಿಗೆ ಹೋಲಿಸಿ ನೋಡಿ. ನನಗೆ ಬಂಗಾರ 3,72,000, ಮಜೂರಿ 52,080, ಜಿಎಸ್‌ಟಿ ಸೇರಿ ಸುಮಾರು 4,36,800. ಲಾಕ್ ಇಲ್ಲದೆ ಅದೇ ದಿನ ಬಂದು ಕಡಿತ ಪಡೆದವರಿಗೆ ಬಂಗಾರ 4,32,000, ಮಜೂರಿ 45,360, ಜಿಎಸ್‌ಟಿ ಸೇರಿ ಸುಮಾರು 4,91,700. ನನಗೆ 54,900 ಉಳಿಯಿತು. ಗ್ರಾಮಿಗೆ 1,500 ಏರಿದ್ದಕ್ಕೆ ಇದು ಸಾಧ್ಯವಾಯಿತು. ಬರೀ 200 ರೂಪಾಯಿ ಏರಿದ್ದರೆ? ಲಾಕ್‌ನಿಂದ ಬಂಗಾರದಲ್ಲಿ ಉಳಿಯುವುದು 8,000, ಕೈಬಿಟ್ಟು ಹೋಗುವ ಮಜೂರಿ ಕಡಿತ 13,300. ಲಾಕ್ ಮಾಡಿದವರೇ ಜಾಸ್ತಿ ಕೊಟ್ಟಂತೆ. ನನ್ನ 14 ಪರ್ಸೆಂಟ್ ಮಜೂರಿ, 25 ಪರ್ಸೆಂಟ್ ಕಡಿತದ ಲೆಕ್ಕಕ್ಕೆ ರೇಟ್ ಮೂರು ಮೂರೂವರೆ ಪರ್ಸೆಂಟ್ ಏರಿದ ಮೇಲಷ್ಟೇ ಲಾಕ್‌ಗೆ ಬೆಲೆ. ಮಜೂರಿ ಜಾಸ್ತಿ ಇರುವ ಭಾರಿ ಕೆಲಸದ ಒಡವೆಗೆ ಈ ಗಡಿ ಇನ್ನೂ ಮೇಲೆ ಹೋಗುತ್ತದೆ. ಕಡಿಮೆ ಮಜೂರಿಯ ಸಾದಾ ಚೈನಿಗೆ ಕಡಿತ ಸಿಕ್ಕರೂ ಮೊತ್ತ ಸಣ್ಣದು, ಅಲ್ಲಿ ಲಾಕ್ ಬೇಗ ಫಲ ಕೊಡುತ್ತದೆ.

93,000ಕ್ಕೆ ಎರಡು ತಿಂಗಳ ಬಡ್ಡಿ ಹೋಯಿತು ಅಂತ ನಮ್ಮ ಯಜಮಾನರು ಗೊಣಗಿದರು. ಎಫ್‌ಡಿಯಲ್ಲಿಟ್ಟಿದ್ದರೆ ಸಾವಿರದ ಆಸುಪಾಸು ಬರುತ್ತಿತ್ತು, ಅದೇನು ದೊಡ್ಡದಲ್ಲ. ನನಗೆ ಚಿಂತೆ ಇದ್ದದ್ದು ಅಡ್ವಾನ್ಸ್ ವಾಪಸ್ ಕೇಳಿದರೆ ನಗದು ಕೊಡುವುದಿಲ್ಲ, ಒಡವೆಯೇ ತೆಗೆದುಕೊಳ್ಳಬೇಕು ಅನ್ನುವ ಶರತ್ತಿನ ಬಗ್ಗೆ. ಅಂಗಡಿಯೇ ಮುಚ್ಚಿದರೆ ಆ ದುಡ್ಡಿಗೆ ಅಡವು ಯಾವುದೂ ಇಲ್ಲ. ಪೂರ್ತಿ ಹಣ ಕಟ್ಟಿದರೆ 180 ದಿನ ಲಾಕ್ ಕೊಡ್ತೀವಿ ಅಂತಲೂ ಅವರು ಹೇಳಿದ್ದರು. 3,72,000 ಒಬ್ಬರ ಕೈಗೆ ಅರ್ಧ ವರ್ಷಕ್ಕೆ ಬಿಡುವ ಧೈರ್ಯ ನನಗಿರಲಿಲ್ಲ.

ನಮ್ಮ ನಾದಿನಿ ಡೊಂಬಿವ್ಲಿಯಿಂದ ಫೋನ್ ಮಾಡಿ, ವೈನಿ, ನಾನೂ ಎಂಟು ಗ್ರಾಮಿನ ನಾಣ್ಯ ಲಾಕ್ ಮಾಡಲಾ ಅಂತ ಕೇಳಿದಳು. ನನ್ನ ಫಾರ್ಮಿನಲ್ಲಿ ನಾಣ್ಯ ಮತ್ತು ಬಿಸ್ಕತ್ತಿಗೆ ಲಾಕ್ ಇಲ್ಲ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನಿನ್ನ ಅಂಗಡಿಯ ಫಾರ್ಮಿನ ಫೋಟೋ ಕಳಿಸು, ಆಮೇಲೆ ಹೇಳುತ್ತೇನೆ ಅಂದೆ. ಇನ್ನೂ ಕಳಿಸಿಲ್ಲ.