ಇರುವ ಕ್ಲಿಪ್ಪಿಗೆ ಮಾತು ಹೊಂದಿಸುವುದು ಹೇಗೆ?

ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿ ತಲುಪಿದ ಕಥೆಯನ್ನು ಒಂದು ನಿಮಿಷದ ವಿಡಿಯೊ ಮಾಡಬೇಕು ಎಂದುಕೊಳ್ಳಿ. ನಡೆದದ್ದು 1902ರಲ್ಲಿ, ಕ್ಯಾಮೆರಾ ಹಿಡಿದು ಹೋದರೂ ಆ ದಿನ ಸಿಗುವುದಿಲ್ಲ. ಕೈಯಲ್ಲಿರುವುದು ಲೈಬ್ರರಿಯಿಂದ ಇಳಿಸಿಕೊಂಡ ಐದು ಕ್ಲಿಪ್ ಮಾತ್ರ: ಯಾವುದೋ ಜಲಪಾತ, ತಿರುಗುವ ಯಂತ್ರ, ಗುಡ್ಡ ದಾಟುವ ಉಕ್ಕಿನ ವಿದ್ಯುತ್ ಗೋಪುರಗಳು, ಕತ್ತಲ ಸುರಂಗ, ಹೊತ್ತಿಕೊಳ್ಳುವ ಬಲ್ಬು.

ಇಂಥ ಕಡೆ ಮೊದಲು ನಿರೂಪಣೆ ಬರೆದು ಆಮೇಲೆ ಚಿತ್ರ ಹುಡುಕಲು ಹೊರಟರೆ ಸೋಲು ಖಚಿತ. ಕೆಲಸವನ್ನು ತಿರುಗಿಸಿ ಹಾಕಬೇಕು. ಹೇಳಲೇಬೇಕಾದ ಸಂಗತಿಗಳನ್ನು ವಾಕ್ಯ ಕಟ್ಟದೆ ಬರಿಯ ಪಟ್ಟಿ ಮಾಡಿಕೊಳ್ಳಿ: ಕಾವೇರಿ, 1902, ಸುಮಾರು 147 ಕಿ.ಮೀ. ತಂತಿ, ಗಣಿ. ನಂತರ ಪ್ರತಿ ಕ್ಲಿಪ್ಪನ್ನು ಪೂರ್ತಿ ನೋಡಿ, ಬಳಸಬಹುದಾದ ಭಾಗ ಎಷ್ಟು ಸೆಕೆಂಡ್, ಅದರಲ್ಲಿ ಊರನ್ನೋ ಕಾಲವನ್ನೋ ಬಿಟ್ಟುಕೊಡುವುದು ಏನಿದೆ ಎಂದು ಬರೆದಿಡಿ. ಸುರಂಗದ ಮೂಲೆಯಲ್ಲಿ ಪ್ಲಾಸ್ಟಿಕ್ ಹೆಲ್ಮೆಟ್ ಇಣುಕುತ್ತದೆಯೇ, ಗೋಡೆಯ ಮೇಲೆ ಪರಭಾಷೆಯ ಫಲಕವಿದೆಯೇ? ಸಣ್ಣ ಕಿಟಕಿಯಲ್ಲಿ ನೋಡಿದರೆ ಇವು ಕಾಣುವುದಿಲ್ಲ, ಪರದೆ ತುಂಬ ಹಾಕಿಯೇ ನೋಡಬೇಕು.

ಈಗ ಮಾತು. ಇಲ್ಲಿ ನಿಯಮ ಒಂದೇ: ಹೆಸರು, ಊರು, ಇಸವಿ ಇರುವ ವಾಕ್ಯ ಅದರದೇ ಚಿತ್ರವನ್ನು ಕೇಳುತ್ತದೆ, ಎಲ್ಲ ಕಡೆಗೂ ಸಲ್ಲುವ ವಾಕ್ಯ ಯಾವ ಚಿತ್ರದ ಮೇಲಾದರೂ ಕೂರುತ್ತದೆ. ‘ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಾಳೆ’ ಎನ್ನುತ್ತ ಬೇರೆ ಜಲಪಾತ ತೋರಿಸಿದರೆ ಅದು ಸುಳ್ಳು. ಮಳವಳ್ಳಿ, ಕೊಳ್ಳೇಗಾಲದವರು ಮೊದಲ ಸೆಕೆಂಡಿನಲ್ಲೇ ಹಿಡಿಯುತ್ತಾರೆ. ಹಾಗಾಗಿ ಜಲಪಾತದ ಮೇಲೆ ಹೀಗೆ ಬರೆಯಿರಿ: ‘ಎತ್ತರದಿಂದ ಬೀಳುವ ನೀರಿಗೆ ತೂಕವಿದೆ. ಆ ತೂಕಕ್ಕೆ ಚಕ್ರ ತಿರುಗಿಸುವ ಬಲವಿದೆ.’ ಎರಡನೆಯ ವಾಕ್ಯದ ನಡುವೆ ಯಂತ್ರಕ್ಕೆ ಕತ್ತರಿಸಿ. ಹೆಸರು ಮತ್ತು ಇಸವಿಯನ್ನು ನೀವೇ ಬರೆದ ಸರಳ ನಕ್ಷೆಯ ಮೇಲೆ ಹೇಳಿ: ‘ಶಿವನಸಮುದ್ರದಲ್ಲಿ ಕಾವೇರಿ ಈ ಕೆಲಸಕ್ಕೆ ಇಳಿದದ್ದು 1902ರಲ್ಲಿ.’ ನಕ್ಷೆ ಶೂಟಿಂಗ್ ಬೇಡದ, ಸುಳ್ಳೂ ಹೇಳದ ಚಿತ್ರ.

ಉಕ್ಕಿನ ಗೋಪುರಗಳು ಇಂದಿನವು. ಅವುಗಳ ಮೇಲೆ ‘ಅಂದು’ ಎಂದರೆ ಕೆಟ್ಟಿತು. ‘ಗುಡ್ಡ ದಾಟುವ ತಂತಿ ಇಂದು ನಮಗೆ ಹೊಸದಲ್ಲ’ ಎನ್ನಿ. ‘ಇಂದು’ ಎಂಬ ಒಂದು ಪದ ಕ್ಲಿಪ್ಪನ್ನು ಪ್ರಾಮಾಣಿಕಗೊಳಿಸುತ್ತದೆ. ತಕ್ಷಣ ನಕ್ಷೆಗೆ ಮರಳಿ, ಕೋಲಾರದವರೆಗೆ ಗೆರೆ ಎಳೆಯುತ್ತ ‘ಅಂದು 147 ಕಿ.ಮೀ. ಎಳೆಯುವುದೆಂದರೆ ಸಾಹಸ’ ಎನ್ನಿ. ಹೊಸ ಕ್ಲಿಪ್ಪನ್ನು ಕಪ್ಪು-ಬಿಳುಪು ಮಾಡಿ, ಗೀರು ಎಳೆದು ಹಳೆಯದಾಗಿಸುವ ಚಾಳಿ ಬೇಡ. ನೋಡುಗ ಅದನ್ನು ದಾಖಲೆ ಎಂದೇ ನಂಬುತ್ತಾನೆ.

ಕನ್ನಡದಲ್ಲಿ ಒಂದು ತೊಡಕು ಬೇರೆ ಇದೆ. ಇಂಗ್ಲಿಷ್ ನಿರೂಪಣೆಗೆ ಜೋಡಿಸಿದ ಚಿತ್ರದ ಮೇಲೆ ಕನ್ನಡ ಓದಿದರೆ ಪದಗಳ ಸರದಿ ತಲೆಕೆಳಗಾಗುತ್ತದೆ. ‘ಕಾವೇರಿಯಲ್ಲಿ ಹುಟ್ಟಿದ ವಿದ್ಯುತ್ತು ಗಣಿಯ ಕತ್ತಲೆಗೆ ಬೆಳಕಾಯಿತು’ ಎಂಬಲ್ಲಿ ನದಿ ಮೊದಲು, ಗಣಿ ಆಮೇಲೆ, ಬೆಳಕು ಕೊನೆಗೆ. ಇಂಗ್ಲಿಷಿನಲ್ಲಿ ವಿದ್ಯುತ್ತು ಮೊದಲು ಬಂದು, ಅದು ಹುಟ್ಟಿದ ನದಿ ಅದರ ಹಿಂದೆ ಬಂದಿರುತ್ತದೆ. ಚಿತ್ರಗಳನ್ನು ಕನ್ನಡದ ಸರದಿಯಲ್ಲೇ ಇಡಿ: ನೀರು, ಸುರಂಗ, ಕ್ರಿಯಾಪದದ ಹೊತ್ತಿಗೆ ಬಲ್ಬು. ಚಿತ್ರ ಪದಕ್ಕಿಂತ ಅರ್ಧ ಸೆಕೆಂಡ್ ಮೊದಲೇ ಬಂದರೆ ಕಿವಿಗೆ ಹಿತ. ಹಾಗೆಂದು ಪ್ರತಿ ನಾಮಪದಕ್ಕೂ ಒಂದು ಚಿತ್ರ ಬೇಡ, ಅದು ಮಕ್ಕಳ ಅಕ್ಷರಮಾಲೆಯ ಪಟದಂತಾಗುತ್ತದೆ.

ಅವಧಿಯನ್ನು ಪದ ಎಣಿಸಿ ಲೆಕ್ಕ ಹಾಕಬೇಡಿ. ‘ನೀರು’ ಒಂದು ಪದ, ‘ಎಳೆಯಬೇಕಾಗಿದ್ದುದರಿಂದ’ವೂ ಒಂದೇ ಪದ. ಫೋನಿನಲ್ಲಿ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ, ಆ ಕಚ್ಚಾ ಧ್ವನಿಯನ್ನೇ ಟೈಮ್‌ಲೈನಿನಲ್ಲಿ ಇಟ್ಟು ಅಳೆಯಿರಿ. ಮಾತು ಕ್ಲಿಪ್ಪಿಗಿಂತ ಒಂದೆರಡು ಸೆಕೆಂಡ್ ಕಡಿಮೆಯಿರಲಿ.

ಜಲಪಾತ ನಾಲ್ಕೇ ಸೆಕೆಂಡ್ ಇದ್ದು ಮಾತು ಏಳು ಸೆಕೆಂಡ್ ಆದರೆ? ಕ್ಲಿಪ್ ಸೆಕೆಂಡಿಗೆ 60 ಫ್ರೇಮಿನದಾಗಿದ್ದು ನಿಮ್ಮ ಟೈಮ್‌ಲೈನ್ 25 ಫ್ರೇಮಿನದಾಗಿದ್ದರೆ ದಾರಿಯಿದೆ. ನಾಲ್ಕು ಸೆಕೆಂಡಿನಲ್ಲಿ 240 ಫ್ರೇಮ್ ಇರುತ್ತವೆ. ಒಂದನ್ನೂ ಬಿಡದೆ ಓಡಿಸಿದರೆ 9.6 ಸೆಕೆಂಡ್ ಸಿಗುತ್ತದೆ, ಚಿತ್ರ ಕುಕ್ಕುವುದಿಲ್ಲ. ನೀರನ್ನು ನಿಧಾನಿಸಿದರೆ ಜಲಪಾತ ಇನ್ನೂ ದೊಡ್ಡದೆನಿಸುತ್ತದೆ, ಲಾಭವೇ. ಯಂತ್ರವನ್ನು ನಿಧಾನಿಸಬೇಡಿ, ಸುಸ್ತಾದಂತೆ ಕಾಣುತ್ತದೆ. ಕ್ಲಿಪ್ 25 ಫ್ರೇಮಿನದೇ ಆಗಿದ್ದರೆ ಹಿಗ್ಗಿಸುವ ಆಸೆ ಬಿಟ್ಟು ವಾಕ್ಯವನ್ನೇ ಕತ್ತರಿಸಿ. ಅದೇ ಕ್ಲಿಪ್ಪನ್ನು ಮತ್ತೆ ಬಳಸಿದರೆ ಒಂದು ನಿಮಿಷದ ವಿಡಿಯೊದಲ್ಲಿ ಎಲ್ಲರಿಗೂ ಗುರುತು ಸಿಗುತ್ತದೆ.

ಕೊನೆಗೆ ಧ್ವನಿ ಮುಚ್ಚಿ ಒಮ್ಮೆ, ಕಣ್ಣು ಮುಚ್ಚಿ ಒಮ್ಮೆ ಪರೀಕ್ಷಿಸಿ. ಚಿತ್ರವಷ್ಟೇ ನೋಡಿದವರು ‘ಇದು ಯಾವ ಊರು?’ ಎಂದು ಕೇಳಿದ ಜಾಗದಲ್ಲಿ ಕ್ಲಿಪ್ ಏನನ್ನೋ ಬಿಟ್ಟುಕೊಡುತ್ತಿದೆ. ಅಲ್ಲಿ ಹತ್ತಿರದ ದೃಶ್ಯ ಹಾಕಿ, ಇಲ್ಲವೇ ಫಲಕ ಕಾಣದಂತೆ ಚೌಕಟ್ಟನ್ನು ಬಿಗಿಮಾಡಿ. ಎಲ್ಲವೂ ಕೂತ ಮೇಲೆಯೇ ನಿರೂಪಕರನ್ನು ಸ್ಟುಡಿಯೊಗೆ ಕರೆಯಿರಿ.